ಸ್ಪ್ಯಾಮ್ ಮೆಸೇಜ್ ತಡೆಯಲು ಯಾವ ದಾರಿ ಒಳ್ಳೆಯದು? ಬ್ಯಾಂಕ್ ಅಲರ್ಟ್, ಪಾರ್ಸೆಲ್ ಸುದ್ದಿ ತಪ್ಪಬಾರದು ಅನ್ನುವವರಿಗೆ

ಮೆಸೇಜ್ ಫಿಲ್ಟರ್ ತಪ್ಪು ಮಾಡುವುದು ಎರಡು ಥರ. ಒಂದು, ಜಾಹೀರಾತನ್ನು ಇನ್‌ಬಾಕ್ಸ್ ಒಳಗೆ ಬಿಡುತ್ತದೆ. ಇನ್ನೊಂದು, ಬ್ಯಾಂಕಿನ ಮೆಸೇಜನ್ನೇ ಸ್ಪ್ಯಾಮ್ ಅಂದುಕೊಂಡು ಬಚ್ಚಿಡುತ್ತದೆ. ಮೊದಲನೆಯದರಿಂದ ಬರೀ ಕಿರಿಕಿರಿ. ಎರಡನೆಯದು ಹಾಗಲ್ಲ. ನಿಮ್ಮ ಕಾರ್ಡಿನಿಂದ ಯಾರೋ ಹಣ ಎಳೆದದ್ದು ತಡವಾಗಿ ಗೊತ್ತಾದರೆ ನಷ್ಟ ನಿಮ್ಮ ತಲೆಗೇ ಬೀಳಬಹುದು. ಹಾಗಾಗಿ ಎಷ್ಟು ಸ್ಪ್ಯಾಮ್ ಹಿಡಿಯುತ್ತದೆ ಅನ್ನುವುದನ್ನಷ್ಟೇ ನೋಡಿ ಫಿಲ್ಟರ್ ಆರಿಸಬೇಡಿ. ತಪ್ಪಾಗಿ ಹಿಡಿದ ಮೆಸೇಜ್ ಎಲ್ಲಿಗೆ ಹೋಗುತ್ತದೆ, ಅದು ನಿಮಗೆ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಅನ್ನುವುದನ್ನು ಮೊದಲು ನೋಡಿ.

ಇನ್ನೊಂದು ವಿಷಯ ಶುರುವಿನಲ್ಲೇ ಹೇಳಿಬಿಡುತ್ತೇನೆ. "ಬ್ಯಾಂಕ್ ಮತ್ತು ಡೆಲಿವರಿ ಮೆಸೇಜ್ ಉಳಿಯಬೇಕು" ಅಂತ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಫಿಲ್ಟರಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಬ್ಯಾಂಕ್ ಯಾವಾಗಲೂ ಒಂದೋ ಎರಡೋ ಗೊತ್ತಿರುವ ಹೆಸರುಗಳಿಂದ ಮೆಸೇಜ್ ಕಳಿಸುತ್ತದೆ. ಆ ಹೆಸರು ವರ್ಷಗಟ್ಟಲೆ ಬದಲಾಗದೆ ಇರಬಹುದು. ಡೆಲಿವರಿಯದ್ದು ಉಲ್ಟಾ. ಅಂಗಡಿಯಿಂದ ಒಂದು ಮೆಸೇಜ್, ಕೊರಿಯರ್ ಕಂಪನಿಯಿಂದ ಇನ್ನೊಂದು, ಕೊನೆಗೆ ಪಾರ್ಸೆಲ್ ತರುವವರ ಸ್ವಂತ ನಂಬರಿನಿಂದ "ಮನೆಯಲ್ಲಿದ್ದೀರಾ?" ಅಂತ ಮತ್ತೊಂದು. ಇವತ್ತು ಬಂದ ನಂಬರಿನಿಂದ ಮತ್ತೆ ಎಂದೂ ಬರದೆ ಇರಬಹುದು. ಕಳಿಸಿದವರ ಹೆಸರು ನೋಡಿ ಬಿಡುವ ವಿಧಾನ ಬ್ಯಾಂಕಿಗೆ ಚೆನ್ನಾಗಿ ಹೊಂದುತ್ತದೆ, ಡೆಲಿವರಿಗೆ ಹೊಂದುವುದೇ ಇಲ್ಲ. ಯಾವ ದಾರಿ ಒಳ್ಳೆಯದು ಅನ್ನುವ ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ನಾಲ್ಕು ಮೆಸೇಜ್ ಇಟ್ಟುಕೊಂಡು ನೋಡೋಣ

ಹೋಲಿಸಲು ಸುಲಭವಾಗಲಿ ಅಂತ ಒಂದೇ ದಿನ ಬಂದ ನಾಲ್ಕು ಮೆಸೇಜ್ ಇವೆ ಅಂದುಕೊಳ್ಳಿ. ಮೊದಲನೆಯದು ಬ್ಯಾಂಕಿನ ಹೆಸರಿನಿಂದ: ನಿಮ್ಮ ಖಾತೆಯಿಂದ ಇಷ್ಟು ಹಣ ಹೋಗಿದೆ. ಎರಡನೆಯದು ಅದೇ ಬ್ಯಾಂಕಿನ ಅದೇ ಹೆಸರಿನಿಂದ: ನಿಮಗೆ ಸಾಲ ಮಂಜೂರಾಗಿದೆ, ಈಗಲೇ ಅರ್ಜಿ ಹಾಕಿ. ಮೂರನೆಯದು ಗೊತ್ತಿಲ್ಲದ ಮೊಬೈಲ್ ನಂಬರಿನಿಂದ: ಪಾರ್ಸೆಲ್ ತಂದಿದ್ದೇನೆ, ಗೇಟ್ ಹತ್ತಿರ ಬನ್ನಿ. ನಾಲ್ಕನೆಯದು ಮತ್ತೊಂದು ಗೊತ್ತಿಲ್ಲದ ನಂಬರಿನಿಂದ: ವಿಳಾಸ ಸರಿಯಿಲ್ಲದೆ ನಿಮ್ಮ ಪಾರ್ಸೆಲ್ ನಿಂತಿದೆ, ಈ ಲಿಂಕ್ ಒತ್ತಿ ಸರಿಪಡಿಸಿ. ಇದು ಮೋಸ.

ನಮಗೆ ಬೇಕಾದದ್ದು ಒಂದು ಮತ್ತು ಮೂರು. ಬೇಡವಾದದ್ದು ಎರಡು ಮತ್ತು ನಾಲ್ಕು. ಒಂದಕ್ಕೂ ಎರಡಕ್ಕೂ ಕಳಿಸಿದವರ ಹೆಸರು ಒಂದೇ. ಮೂರಕ್ಕೂ ನಾಲ್ಕಕ್ಕೂ ವಿಷಯ ಒಂದೇ, ಎರಡೂ ಗೊತ್ತಿಲ್ಲದ ನಂಬರಿನವು. ಯಾವ ಫಿಲ್ಟರ್ ಆದರೂ ಎಡವುವುದು ಈ ಎರಡು ಜೋಡಿಗಳ ಹತ್ತಿರವೇ.

ಫೋನಿನಲ್ಲೇ ಇರುವ ಸ್ಪ್ಯಾಮ್ ಫಿಲ್ಟರ್

ಆಂಡ್ರಾಯ್ಡ್‌ನಲ್ಲಿ ಗೂಗಲ್ ಮೆಸೇಜಸ್ ಬಳಸುತ್ತಿದ್ದರೆ ಮೇಲಿರುವ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್ ಒಳಗೆ ಸ್ಪ್ಯಾಮ್ ರಕ್ಷಣೆ ಆನ್ ಇದೆಯೇ ನೋಡಿ. ಇದು ಸ್ಪ್ಯಾಮ್ ಅಂತ ಅನುಮಾನ ಬಂದ ಮೆಸೇಜನ್ನು Spam & blocked ಅನ್ನುವ ಫೋಲ್ಡರಿಗೆ ಹಾಕುತ್ತದೆ. ಅಳಿಸುವುದಿಲ್ಲ. ಆದರೆ ಆ ಮೆಸೇಜ್ ಬಂದಾಗ ಫೋನ್ ಸದ್ದು ಮಾಡುವುದಿಲ್ಲ, ಮುಖ್ಯ ಪಟ್ಟಿಯಲ್ಲೂ ಕಾಣುವುದಿಲ್ಲ. ತಪ್ಪಾಗಿ ಹೋದದ್ದನ್ನು ತೆರೆದು, ಸ್ಪ್ಯಾಮ್ ಅಲ್ಲ ಅಂತ ಒತ್ತಿದರೆ ವಾಪಸ್ ಬರುತ್ತದೆ.

ನಮ್ಮ ನಾಲ್ಕು ಮೆಸೇಜುಗಳಲ್ಲಿ ಇದು ನಾಲ್ಕನೆಯದನ್ನು ಹಿಡಿಯುವ ಸಾಧ್ಯತೆ ಹೆಚ್ಚು. ಲಿಂಕ್, ಅವಸರ, ಗೊತ್ತಿಲ್ಲದ ನಂಬರ್, ಮೂರೂ ಒಟ್ಟಿಗೆ ಇವೆ. ಒಂದನೆಯದೂ ಮೂರನೆಯದೂ ಸಾಮಾನ್ಯವಾಗಿ ಉಳಿಯುತ್ತವೆ. ಎರಡನೆಯದು, ಅಂದರೆ ಬ್ಯಾಂಕಿನ ಸಾಲದ ಜಾಹೀರಾತು, ಒಳಗೆ ಬರುತ್ತದೆ. ಯಾಕೆಂದರೆ ಅದು ಮೋಸವಲ್ಲ, ನಿಜವಾದ ಬ್ಯಾಂಕ್ ಕಳಿಸಿದ್ದು. ಈ ಫಿಲ್ಟರುಗಳ ಮುಖ್ಯ ಗುರಿ ಮೋಸ ಹಿಡಿಯುವುದು, ಬೇಜಾರು ತರಿಸುವುದನ್ನು ಹಿಡಿಯುವುದಲ್ಲ. ಆಫರ್ ಮೆಸೇಜೇ ನಿಮ್ಮ ತಲೆನೋವಾಗಿದ್ದರೆ ಇದೊಂದೇ ಸಾಕಾಗುವುದಿಲ್ಲ. ಆದರೂ ಇದನ್ನು ಎಲ್ಲರೂ ಆನ್ ಮಾಡಿಟ್ಟುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಇದರಿಂದ ಕಳೆದುಕೊಳ್ಳುವುದು ಕಡಿಮೆ, ಹಿಂಪಡೆಯುವುದು ಸುಲಭ.

ಗೊತ್ತಿಲ್ಲದವರನ್ನು ಬೇರೆ ಇಡುವ ದಾರಿ

ಐಫೋನಿನಲ್ಲಿ ತುಂಬಾ ಜನ ಮೊದಲು ಒತ್ತುವುದು Filter Unknown Senders. ಇದರ ಲೆಕ್ಕ ಸರಳ. ಕಳಿಸಿದವರು ನಿಮ್ಮ ಸಂಪರ್ಕ ಪಟ್ಟಿಯಲ್ಲಿ ಇಲ್ಲದಿದ್ದರೆ ಮೆಸೇಜ್ ಬೇರೆ ಪಟ್ಟಿಗೆ ಹೋಗುತ್ತದೆ, ನೋಟಿಫಿಕೇಶನ್ ಬರುವುದಿಲ್ಲ. ಮೆಸೇಜಿನಲ್ಲಿ ಏನಿದೆ ಅಂತ ಇದು ನೋಡುವುದೇ ಇಲ್ಲ.

ಇನ್‌ಬಾಕ್ಸ್ ಒಂದೇ ಏಟಿಗೆ ಶಾಂತವಾಗುತ್ತದೆ ನಿಜ. ಆದರೆ ನಮ್ಮ ನಾಲ್ಕರಲ್ಲಿ ನಾಲ್ಕೂ ಆಚೆ ಹೋಗುತ್ತವೆ. ಬ್ಯಾಂಕಿನ ಹೆಸರು ನಿಮ್ಮ ಸಂಪರ್ಕ ಪಟ್ಟಿಯಲ್ಲಿ ಇರುವುದಿಲ್ಲ ಅಲ್ವಾ? ಸೇರಿಸಿಬಿಡೋಣ ಅಂದರೆ ಅಲ್ಲೂ ಒಂದು ತೊಡಕಿದೆ. ಬ್ಯಾಂಕ್ ಅಂಕಿಗಳಿರುವ ಚಿಕ್ಕ ನಂಬರಿನಿಂದ ಕಳಿಸಿದರೆ ಸುಲಭವಾಗಿ ಸೇವ್ ಮಾಡಬಹುದು. ಅಕ್ಷರಗಳ ಹೆಸರಿನಿಂದ ಕಳಿಸಿದರೆ ಕಷ್ಟ. ಅದು ಫೋನ್ ನಂಬರ್ ಅಲ್ಲ, ಹೆಚ್ಚೆಂದರೆ 11 ಅಕ್ಷರದ ಒಂದು ಗುರುತು ಅಷ್ಟೇ. ಎಲ್ಲ ಫೋನುಗಳೂ ಅದನ್ನು ಸಂಪರ್ಕವಾಗಿ ಸರಿಯಾಗಿ ಗುರುತಿಸುವುದಿಲ್ಲ. ಸೇವ್ ಮಾಡಿದ ಮೇಲೆ ಮುಂದಿನ ಮೆಸೇಜ್ ನಿಜಕ್ಕೂ ಮುಖ್ಯ ಪಟ್ಟಿಗೆ ಬರುತ್ತದೆಯೇ ಅಂತ ನೋಡಿಯೇ ನಂಬಬೇಕು.

2025ರಲ್ಲಿ ಬಂದ ಐಓಎಸ್ 26ರಲ್ಲಿ ಇದು ಬಹಳ ಸುಧಾರಿಸಿದೆ. ಅಲ್ಲಿ ಇದರ ಹೆಸರು Screen Unknown Senders. ಮೋಸದ ಮೆಸೇಜುಗಳಿಗೆ ಬೇರೆಯೇ ಸ್ಪ್ಯಾಮ್ ಫೋಲ್ಡರ್ ಇದೆ. ಗೊತ್ತಿಲ್ಲದವರಿಂದ ಬಂದರೂ ಒಟಿಪಿಯಂಥ ತುರ್ತಿನ ಮೆಸೇಜುಗಳಿಗೆ ನೋಟಿಫಿಕೇಶನ್ ಬರಲಿ ಅಂತ ಬಿಡಬಹುದು. ನಿಮ್ಮ ಫೋನಿನಲ್ಲಿ ಈ ಆಯ್ಕೆ ಇದ್ದರೆ, ಸೆಟ್ಟಿಂಗ್ಸ್‌ನಲ್ಲಿ Apps ಒಳಗಿನ ಮೆಸೇಜಸ್ ತೆರೆದು ಇದನ್ನು ಆನ್ ಮಾಡುವಾಗಲೇ ಕೆಳಗಿರುವ ನೋಟಿಫಿಕೇಶನ್ ಸಾಲನ್ನೂ ತೆರೆದು ನೋಡಿ. ಸುಮ್ನೆ ಮೇಲಿನ ಬಟನ್ ಒತ್ತಿ ಹೊರಗೆ ಬಂದರೆ ಅರ್ಧ ಕೆಲಸ ಮಾಡಿದಂತೆ.

ಹಳೆಯ ಐಫೋನ್ ಇರುವವರಿಗೆ, ಅದರಲ್ಲೂ ಪದೇ ಪದೇ ಪಾರ್ಸೆಲ್ ತರಿಸುವವರಿಗೆ, ನಾನು ಈ ದಾರಿ ಹೇಳುವುದಿಲ್ಲ. ಪಾರ್ಸೆಲ್ ತಂದವರ ಮೆಸೇಜ್ ಬೇಕಾಗುವುದು ಹತ್ತು ನಿಮಿಷದ ಮಟ್ಟಿಗೆ. ಸದ್ದಿಲ್ಲದ ಪಟ್ಟಿಯಲ್ಲಿ ಅದು ಸಂಜೆಯವರೆಗೆ ಕೂತರೆ ಪಾರ್ಸೆಲ್ ವಾಪಸ್ ಹೋಗಿರುತ್ತದೆ. ಆದರೆ ಇದರಲ್ಲಿ ಒಂದು ಒಳ್ಳೆಯ ಗುಣವೂ ಇದೆ, ಹೇಳದೆ ಬಿಡುವ ಹಾಗಿಲ್ಲ. ಐಫೋನಿನಲ್ಲಿ ಗೊತ್ತಿಲ್ಲದವರ ಮೆಸೇಜಿನ ಲಿಂಕ್, ನೀವು ಅವರನ್ನು ಸೇವ್ ಮಾಡುವವರೆಗೆ ಅಥವಾ ಉತ್ತರ ಕೊಡುವವರೆಗೆ ಒತ್ತಿದರೂ ತೆರೆಯುವುದಿಲ್ಲ. ಲಿಂಕ್ ಕಂಡ ತಕ್ಷಣ ಒತ್ತುವ ಹಿರಿಯರ ಫೋನಿಗೆ ಇದು ದೊಡ್ಡ ರಕ್ಷಣೆ. ಮೋಸದ ಮೆಸೇಜಿನಲ್ಲಿ "ಮೊದಲು Y ಅಂತ ಉತ್ತರಿಸಿ" ಅಂತ ಬರೆದಿರುವುದೂ ಈ ಬೀಗ ತೆಗೆಸಲಿಕ್ಕೇ. ಹಾಗೆ ಕೇಳುವ ಮೆಸೇಜಿಗೆ ಯಾವತ್ತೂ ಉತ್ತರ ಕೊಡಬೇಡಿ.

ಪದ ನೋಡಿ ತಡೆಯುವುದು

ಸ್ಯಾಮ್‌ಸಂಗ್‌ನ ಮೆಸೇಜ್ ಆ್ಯಪ್‌ನಲ್ಲಿ, ಫಾಸಿಫೈ ಮೆಸೇಜಸ್‌ನಂಥ ಓಪನ್ ಸೋರ್ಸ್ ಆ್ಯಪ್‌ಗಳಲ್ಲಿ, ಐಫೋನಿಗೆ ಸಿಗುವ ಕೆಲವು ಫಿಲ್ಟರ್ ಆ್ಯಪ್‌ಗಳಲ್ಲಿ, ಇಂಥ ಪದ ಇದ್ದರೆ ತಡೆ ಅಂತ ನಾವೇ ಬರೆದಿಡಬಹುದು. ನಮ್ಮ ಎರಡನೆಯ ಮೆಸೇಜನ್ನು, ಅಂದರೆ ನಿಜವಾದ ಬ್ಯಾಂಕ್ ಕಳಿಸಿದ ಜಾಹೀರಾತನ್ನು, ನಿಖರವಾಗಿ ಹಿಡಿಯಬಲ್ಲ ದಾರಿ ಇದು. ಜಾಸ್ತಿ ಅನಾಹುತ ಮಾಡಬಲ್ಲದೂ ಇದೇ.

ಉದಾಹರಣೆಗೆ ನೀವು loan ಅನ್ನುವ ಪದವನ್ನು ತಡೆಯುತ್ತೀರಿ ಅನ್ನಿ. ಸಾಲದ ಜಾಹೀರಾತು ನಿಂತಿತು. ಜೊತೆಗೆ "ನಿಮ್ಮ loan ಕಂತು ನಾಳೆ ಕಟ್ಟಬೇಕು" ಅನ್ನುವುದೂ ನಿಂತಿತು. ಕಂತು ತಪ್ಪಿ ದಂಡ ಬಿದ್ದ ಮೇಲೆಯೇ ಗೊತ್ತಾಗುವುದು. offer, win, free ಇವುಗಳ ಕಥೆಯೂ ಅಷ್ಟೇ. free ಅಂತ ತಡೆದರೆ "toll-free ನಂಬರಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿ" ಅನ್ನುವ ಬ್ಯಾಂಕಿನ ಎಚ್ಚರಿಕೆಯೂ ಹೋಗುತ್ತದೆ. ಬ್ಯಾಂಕ್ ಅಲರ್ಟಿನ ಕೊನೆಯ ಸಾಲಿನಲ್ಲಿ ಇಂಥ ಪದ ಇರುವುದು ತೀರಾ ಸಾಮಾನ್ಯ.

ಆದ್ದರಿಂದ ಒಂಟಿ ಪದ ತಡೆಯಬೇಡಿ, ಎರಡು ಮೂರು ಪದದ ತುಣುಕು ತಡೆಯಿರಿ. loan ಬದಲು pre-approved loan. offer ಬದಲು limited period offer. ಇಂಥ ಮಾತು ಜಾಹೀರಾತಿನಲ್ಲಿ ಬಿಟ್ಟು ಬೇರೆ ಕಡೆ ಬರುವುದು ಕಡಿಮೆ. ಹೊಸ ತುಣುಕು ಸೇರಿಸುವ ಮೊದಲು ಒಂದು ಕೆಲಸ ಮಾಡಿ: ಮೆಸೇಜ್ ಆ್ಯಪ್‌ನ ಹುಡುಕುವ ಜಾಗದಲ್ಲಿ ಅದನ್ನೇ ಟೈಪ್ ಮಾಡಿ. ಹಳೆಯ ಮೆಸೇಜುಗಳಲ್ಲಿ ಅದು ಎಲ್ಲೆಲ್ಲಿ ಇದೆ ಅಂತ ತೋರಿಸುತ್ತದೆ. ಬಂದ ಪಟ್ಟಿಯಲ್ಲಿ ಬೇಕಾದ ಮೆಸೇಜ್ ಒಂದೇ ಒಂದು ಕಂಡರೂ ಆ ತುಣುಕು ಬೇಡ. ಅರ್ಧ ನಿಮಿಷದ ಈ ಪರೀಕ್ಷೆ ಮಾಡದೆ ಯಾವ ಪದವನ್ನೂ ಪಟ್ಟಿಗೆ ಸೇರಿಸಬೇಡಿ.

ಕೆಲವು ಆ್ಯಪ್‌ಗಳಲ್ಲಿ ಬಿಡುವ ನಿಯಮ, ತಡೆಯುವ ನಿಯಮ ಎರಡನ್ನೂ ಬರೆಯಬಹುದು, ಯಾವ ಥರದ ಪಠ್ಯ ಹುಡುಕಬೇಕು ಅಂತ ಸಂಕೇತಗಳಲ್ಲಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಕೂಡ ನಡೆಯುತ್ತದೆ. ಅಂಥದ್ದರಲ್ಲಿ ಬಿಡುವ ನಿಯಮ ಮೇಲೆ ಇರಬೇಕು. ಬರೀ OTP ಅಥವಾ debited ಅನ್ನುವ ಪದವಿದ್ದರೆ ಬಿಡು ಅಂತ ಬರೆದರೆ ಮೋಸಗಾರರಿಗೂ ಬಾಗಿಲು ತೆರೆದ ಹಾಗೆ, ಅವರೂ ಅದೇ ಪದ ಬಳಸುತ್ತಾರೆ. ಪದ ಇರಬೇಕು ಆದರೆ ಲಿಂಕ್ ಇರಬಾರದು ಅಂತ ಹೀಗೆ ಬರೆಯಬಹುದು:

```
(?is)^(?!.*(https?://|www\.)).*\b(otp|debited|credited)\b
```

ನಿಮ್ಮ ಬ್ಯಾಂಕ್ ಬಳಸುವ ಪದಗಳನ್ನು ಆವರಣದಲ್ಲಿ ಹಾಕಿಕೊಳ್ಳಿ. ಇದಕ್ಕೂ ಮಿತಿ ಇದೆ. http ಇಲ್ಲದೆ ಬರೆದ ಚಿಕ್ಕ ಲಿಂಕ್ ಇದರ ಕಣ್ಣು ತಪ್ಪಿಸುತ್ತದೆ. ನಿಮ್ಮ ಬ್ಯಾಂಕೇ ಅಲರ್ಟಿನಲ್ಲಿ ಲಿಂಕ್ ಹಾಕುವ ಅಭ್ಯಾಸ ಇಟ್ಟುಕೊಂಡಿದ್ದರೆ ಈ ನಿಯಮ ಅದನ್ನು ಬಿಡುವುದಿಲ್ಲ.

ಕೆಲವು ದೇಶಗಳಲ್ಲಿ ಕಳಿಸಿದವರ ಹೆಸರೇ ಅರ್ಧ ಕೆಲಸ ಮಾಡಿಕೊಡುತ್ತದೆ. ಭಾರತದಲ್ಲಿ 2025ರಲ್ಲಿ ಬಂದ ನಿಯಮದ ಪ್ರಕಾರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿರುತ್ತದೆ: ಪ್ರಚಾರಕ್ಕೆ P, ಸೇವೆಗೆ S, ವಹಿವಾಟಿಗೆ T, ಸರ್ಕಾರದ್ದಕ್ಕೆ G. ನಿಮ್ಮ ಆ್ಯಪ್ ಕಳಿಸಿದವರ ಹೆಸರಿನ ಮೇಲೆ ನಿಯಮ ಬರೆಯಲು ಬಿಟ್ಟರೆ, ಪ್ರಚಾರದ್ದನ್ನು ತಡೆಯಲು ಇಷ್ಟು ಸಾಕು:

```
-P$
```

ಮೆಸೇಜಿನ ಒಳಗಿನ ಪದ ಹುಡುಕುವುದಕ್ಕಿಂತ ಇದು ಎಷ್ಟೋ ಸುರಕ್ಷಿತ. ಬ್ಯಾಂಕಿನ ಹೆಸರಿನಲ್ಲೇ ಬಂದರೂ ಜಾಹೀರಾತು ಬೇರೆ, ಅಲರ್ಟ್ ಬೇರೆ ಆಗಿಬಿಡುತ್ತದೆ.

ಬೇರೆ ಆ್ಯಪ್‌ಗೆ ವಹಿಸುವುದು

ಟ್ರೂಕಾಲರ್‌ನಂಥ ಆ್ಯಪ್‌ಗಳು ಮೆಸೇಜುಗಳನ್ನು ತಾವೇ ವಿಂಗಡಿಸಿ ಮುಖ್ಯವಾದದ್ದು, ಪ್ರಚಾರ, ಸ್ಪ್ಯಾಮ್ ಅಂತ ಬೇರೆ ಬೇರೆ ತೋರಿಸುತ್ತವೆ. ಬಹಳ ಜನ ಸ್ಪ್ಯಾಮ್ ಅಂತ ಗುರುತು ಹಾಕಿದ ನಂಬರುಗಳ ಪಟ್ಟಿ ಅವುಗಳ ಬಳಿ ಇರುವುದರಿಂದ, ಹೊಸ ಸ್ಪ್ಯಾಮ್ ನಂಬರುಗಳನ್ನು ಬೇಗ ಹಿಡಿಯುತ್ತವೆ.

ಇಲ್ಲಿ ನೋಡಬೇಕಾದದ್ದು ಅನುಮತಿ. ಆಂಡ್ರಾಯ್ಡ್‌ನಲ್ಲಿ ಇಂಥ ಆ್ಯಪ್ ಪೂರ್ತಿ ಕೆಲಸ ಮಾಡಲು ಫೋನಿನ ಮುಖ್ಯ ಮೆಸೇಜ್ ಆ್ಯಪ್ ಆಗಬೇಕು. ಆಗ ಒಟಿಪಿ, ಖಾತೆಯ ಬಾಕಿ, ಮನೆಯವರ ಮಾತು, ಎಲ್ಲವನ್ನೂ ಅದು ಓದಬಲ್ಲದು. ಐಫೋನಿನಲ್ಲಿ ಕಟ್ಟು ಬಿಗಿ. ಫಿಲ್ಟರ್ ಆ್ಯಪ್‌ಗೆ ಸಿಗುವುದು ಗೊತ್ತಿಲ್ಲದವರಿಂದ ಬಂದ ಮಾಮೂಲಿ ಎಸ್‌ಎಂಎಸ್ ಮಾತ್ರ. ಸಂಪರ್ಕ ಪಟ್ಟಿಯಲ್ಲಿರುವವರ ಮೆಸೇಜ್ ಆಗಲಿ ಐಮೆಸೇಜ್ ಆಗಲಿ ಅದರ ಕೈಗೆ ಹೋಗುವುದಿಲ್ಲ. ಒಂದೇ ಥರದ ಆ್ಯಪ್ ಆದರೂ ಎರಡು ಫೋನುಗಳಲ್ಲಿ ನೀವು ಕೊಡುವ ಬೆಲೆ ಒಂದೇ ಅಲ್ಲ. ಆಂಡ್ರಾಯ್ಡ್‌ನಲ್ಲಿ ಹೊರಗಿನ ಆ್ಯಪ್ ಬೇಕೇ ಬೇಕು ಅನ್ನಿಸಿದರೆ, ಇಂಟರ್ನೆಟ್ ಅನುಮತಿಯನ್ನೇ ಕೇಳದ ಆ್ಯಪ್ ಹುಡುಕಿ. ಅದು ಓದಿದ್ದನ್ನು ಇಂಟರ್ನೆಟ್ ಮೂಲಕ ನೇರವಾಗಿ ಹೊರಗೆ ಕಳಿಸಲು ದಾರಿ ಇರುವುದಿಲ್ಲ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಗುತ್ತದೆ. ಬ್ಯಾಟರಿ ಉಳಿಸಲು ಫೋನು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತದೆ. ಹೊರಗಿನ ಮೆಸೇಜ್ ಆ್ಯಪ್ ಹಾಗೆ ಮಲಗಿದರೆ ನೋಟಿಫಿಕೇಶನ್ ತಡವಾಗಬಹುದು. ಫೋನ್ ಕೈಗೆತ್ತಿಕೊಂಡ ಕೂಡಲೇ ನಾಲ್ಕೈದು ಮೆಸೇಜ್ ಒಟ್ಟಿಗೆ ಸದ್ದು ಮಾಡಿದರೆ ಕಾರಣ ಹೆಚ್ಚಾಗಿ ಇದೇ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಬಿಡಿ.

ತಡೆಯದೆ, ಬಾಯಿ ಮುಚ್ಚಿಸುವುದು

ಹೆಚ್ಚು ಜನ ಲೆಕ್ಕಕ್ಕೇ ತೆಗೆದುಕೊಳ್ಳದ ದಾರಿ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಜಾಹೀರಾತು ಕಳಿಸುವ ಪ್ರತಿ ಹೆಸರಿನ ಸದ್ದನ್ನು ಮಾತ್ರ ನಿಲ್ಲಿಸುವುದು. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಿದ್ದರೆ, ನೋಟಿಫಿಕೇಶನ್ ಬಂದಾಗ ಅದನ್ನು ಒತ್ತಿ ಹಿಡಿಯಿರಿ. Priority, Default, Silent ಅಂತ ಮೂರು ಆಯ್ಕೆ ಬರುತ್ತವೆ. ಬಟ್ಟೆ ಅಂಗಡಿಯ ಮೆಸೇಜಿಗೆ Silent, ಬ್ಯಾಂಕಿನದಕ್ಕೆ Priority. ಐಫೋನಿನಲ್ಲಿ ಮೆಸೇಜ್ ಪಟ್ಟಿಯಲ್ಲಿ ಆ ಸಾಲನ್ನು ಎಡಕ್ಕೆ ಎಳೆದು ಗಂಟೆಯ ಚಿತ್ರ ಒತ್ತಿದರೆ ಅದರ ಸದ್ದು ನಿಲ್ಲುತ್ತದೆ.

ಮೆಸೇಜ್ ಎಲ್ಲೂ ಹೋಗುವುದಿಲ್ಲ. ಪಟ್ಟಿಯಲ್ಲೇ ಇರುತ್ತದೆ, ಬೇಕಾದಾಗ ಹುಡುಕಿದರೆ ಸಿಗುತ್ತದೆ. ಹೊಸ ನಂಬರಿನಿಂದ ಪಾರ್ಸೆಲ್ ಸುದ್ದಿ ಬಂದರೆ ಮಾಮೂಲಿಯಂತೆ ಸದ್ದಾಗುತ್ತದೆ, ಏಕೆಂದರೆ ನೀವು ಸದ್ದು ನಿಲ್ಲಿಸಿದ್ದು ಗೊತ್ತಿರುವ ಜಾಹೀರಾತುದಾರರದ್ದು ಮಾತ್ರ. ಶುರುವಿನಲ್ಲಿ ಸ್ವಲ್ಪ ಕೈಕೆಲಸ ಇದೆ. ಆದರೆ ಬಹುಪಾಲು ಆಫರ್ ಮೆಸೇಜ್ ಬರುವುದು ಅದೇ ಅದೇ ಕೆಲವು ಹೆಸರುಗಳಿಂದ. ಬಂದಾಗ ಬಂದಾಗ ಒಂದೊಂದನ್ನು ಸುಮ್ಮನಾಗಿಸುತ್ತಾ ಹೋದರೆ ಕೆಲವೇ ವಾರಗಳಲ್ಲಿ ಗದ್ದಲ ಇಳಿಯುತ್ತದೆ.

ಇದರ ಕೊರತೆ ನಮ್ಮ ಎರಡನೆಯ ಮೆಸೇಜಿನಲ್ಲಿ ಕಾಣುತ್ತದೆ. ಬ್ಯಾಂಕಿನ ಅಲರ್ಟ್, ಜಾಹೀರಾತು ಎರಡೂ ಒಂದೇ ಹೆಸರಿನಿಂದ ಬಂದರೆ ಒಂದನ್ನು ಬಿಟ್ಟು ಇನ್ನೊಂದರ ಬಾಯಿ ಮುಚ್ಚಿಸಲಾಗದು. ಅಂಥ ಹೆಸರನ್ನು ಮುಟ್ಟಬೇಡಿ. ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿನ ಒಳಗೆ ಪ್ರಚಾರದ ಮೆಸೇಜ್ ಬೇಡ ಅನ್ನುವ ಆಯ್ಕೆ ಇದ್ದರೆ ಅಲ್ಲೇ ನಿಲ್ಲಿಸಿ. ನಿಜವಾದ ಕಂಪನಿಗಳ ವಿಷಯದಲ್ಲಿ ಮೂಲದಲ್ಲೇ ನಿಲ್ಲಿಸುವುದು ಯಾವ ಫಿಲ್ಟರಿಗಿಂತ ಮೇಲು. ಗೊತ್ತಿಲ್ಲದ ನಂಬರಿಗೆ ಮಾತ್ರ STOP ಅಂತ ಕಳಿಸಬೇಡಿ. ಈ ನಂಬರಿನಲ್ಲಿ ಓದುವವರಿದ್ದಾರೆ ಅಂತ ನೀವೇ ತಿಳಿಸಿದಂತಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಆಂಡ್ರಾಯ್ಡ್ ಬಳಸುವ ಹೆಚ್ಚಿನವರಿಗೆ ಫೋನಿನದೇ ಸ್ಪ್ಯಾಮ್ ಫಿಲ್ಟರ್ ಜೊತೆಗೆ ಹೆಸರು ಹೆಸರಾಗಿ ಸದ್ದು ನಿಲ್ಲಿಸುವುದು ಸಾಕು. ಐಓಎಸ್ 26 ಇರುವವರು ಗೊತ್ತಿಲ್ಲದವರನ್ನು ಬೇರೆ ಇಡುವ ಆಯ್ಕೆಯನ್ನು, ತುರ್ತು ಮೆಸೇಜಿಗೆ ಸದ್ದು ಬಿಟ್ಟು, ಧೈರ್ಯವಾಗಿ ಬಳಸಬಹುದು. ಪದದ ಪಟ್ಟಿ ಬೇಕಾಗುವುದು ಒಂದೇ ಥರದ ಜಾಹೀರಾತು ಹೊಸ ಹೊಸ ಹೆಸರಿನಿಂದ ಬರುತ್ತಿದ್ದರೆ ಮಾತ್ರ. ಹೊರಗಿನ ಆ್ಯಪ್ ಕೊನೆಯ ಆಯ್ಕೆ.

ಯಾವುದೇ ಬದಲಾವಣೆ ಮಾಡಿದ ಮೇಲೆ ಪರೀಕ್ಷೆ ಮಾಡಿ. ಫೋನ್ ಲಾಕ್ ಮಾಡಿ ಮೇಜಿನ ಮೇಲಿಡಿ. ಬೇರೆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಸೈಟ್ ತೆರೆದು ಒಟಿಪಿ ಬರುವವರೆಗೆ ಲಾಗಿನ್ ಮಾಡಿ. ಸದ್ದಾಯಿತೇ? ಲಾಕ್ ಪರದೆಯ ಮೇಲೆ ಕಂಡಿತೇ? ಯಾವ ಪಟ್ಟಿಗೆ ಹೋಯಿತು? ಒಟಿಪಿ ಬಂದರೆ ಸಾಕು ಅಂತ ಅಲ್ಲಿಗೇ ಬಿಡಬೇಡಿ. ಹಣ ಹೋದ ಅಲರ್ಟ್ ಬೇರೆ ಹೆಸರಿನಿಂದ ಬರಬಹುದು. ಚಿಕ್ಕ ಮೊತ್ತದ ಒಂದು ಪಾವತಿ ಮಾಡಿ ಅದನ್ನೂ ನೋಡಿ. ಮೊದಲ ವಾರ ದಿನಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರ್ ತೆರೆಯಿರಿ, ಆಮೇಲೆ ವಾರಕ್ಕೊಮ್ಮೆ. ಪಾರ್ಸೆಲ್ ಬರುವ ದಿನ ಮಾತ್ರ ಬೆಳಿಗ್ಗೆಯೇ ಒಮ್ಮೆ ನೋಡಿ. ಅಂಗಡಿಯ ಆ್ಯಪ್‌ನ ನೋಟಿಫಿಕೇಶನ್ ಆನ್ ಇದ್ದರೆ ಆ ಸುದ್ದಿ ಇನ್ನೊಂದು ದಾರಿಯಿಂದಲೂ ಬರುತ್ತದೆ. ಬ್ಯಾಂಕಿನ ಇಮೇಲ್ ಅಲರ್ಟಿಗೂ ಇದೇ ಮಾತು.

ಫಿಲ್ಟರ್ ದಾಟಿ ಬಂದ ಮಾತ್ರಕ್ಕೆ ಮೆಸೇಜ್ ನಿಜ ಅಂತಲ್ಲ. ಅಕ್ಷರದ ಹೆಸರನ್ನು ನಕಲು ಮಾಡಬಹುದು. ಫೋನು ಬರೀ ಹೆಸರು ನೋಡಿ ಮೆಸೇಜುಗಳನ್ನು ಒಂದೇ ಸಾಲಿಗೆ ಸೇರಿಸುತ್ತದೆ. ಹಾಗಾಗಿ ಮೋಸದ ಮೆಸೇಜ್ ನಿಮ್ಮ ಬ್ಯಾಂಕಿನ ಹಳೆಯ ಅಸಲಿ ಮೆಸೇಜುಗಳ ಕೆಳಗೇ ಬಂದು ಕೂರಬಲ್ಲದು. ನಕಲಿ ಟವರ್ ಇಟ್ಟು ಸುತ್ತಮುತ್ತಲಿನ ಫೋನುಗಳಿಗೆ ನೇರವಾಗಿ ಮೆಸೇಜ್ ತಳ್ಳುವವರೂ ಇದ್ದಾರೆ. ಅವು ಮೊಬೈಲ್ ಕಂಪನಿಯ ಜಾಲದ ಮೂಲಕ ಹೋಗುವುದೇ ಇಲ್ಲವಾದ್ದರಿಂದ ಅಲ್ಲಿನ ಫಿಲ್ಟರಿಗೆ ಸಿಗುವುದಿಲ್ಲ. ಈ ತಂತ್ರ ಹಳೆಯ 2ಜಿ ಸಂಪರ್ಕವನ್ನು ಬಳಸಿಕೊಳ್ಳುತ್ತದೆ. ಹಲವು ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ 2ಜಿ ಆಫ್ ಮಾಡುವ ಬಟನ್ ಇದೆ. ನಿಮ್ಮ ಜಾಗದಲ್ಲಿ 4ಜಿ ಚೆನ್ನಾಗಿ ಸಿಗುತ್ತಿದ್ದರೆ ಆಫ್ ಮಾಡಿಬಿಡಿ. Priority ಕೊಟ್ಟ ಬ್ಯಾಂಕಿನ ಹೆಸರಿನಿಂದಲೇ ಲಿಂಕ್ ಬಂದರೂ ಅದನ್ನು ಒತ್ತದೆ, ಬ್ಯಾಂಕಿನ ಆ್ಯಪ್ ತೆರೆದು ಅಲ್ಲಿಯೂ ಅದೇ ಸುದ್ದಿ ಇದೆಯೇ ಅಂತ ನೋಡಿ.